ಆ ವರ್ಗಮೂಲದ ಹಿಂದೆ ಯಾವ ಚಿಹ್ನೆ?

“ಸರ್, ಪಿಯುಸಿ ಮಕ್ಕಳಿಗಾಗಿ ಟ್ಯಾನ್ ಇನ್ವರ್ಸ್ ಮತ್ತು ಸೆಕ್ ಇನ್ವರ್ಸ್‌ಗಳ ಡೆರಿವೇಟಿವ್ ಬಗ್ಗೆ ಲೇಖನ ಕಳಿಸಿದ್ದೇನೆ. ಎರಡನ್ನೂ ಒಂದೇ ದಾರಿಯಲ್ಲಿ ಸಾಧಿಸಿದ್ದೇನೆ. ಡೊಮೈನ್, ರೇಂಜ್ ಅಂತ ಹೋದರೆ ಮಕ್ಕಳಿಗೆ ಬೇಜಾರಾಗುತ್ತೆ ಅನ್ನಿಸಿ ಅದನ್ನು ಬಿಟ್ಟೆ. ನಿಮ್ಮ ಪತ್ರಿಕೆಗೆ ಆಗುತ್ತಾ? ನೇರವಾಗಿ ಹೇಳಿ.”

ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲರ್ಧ ಸರಿ ಇದೆ. ಎರಡನೇ ಅರ್ಧದಲ್ಲಿ ಒಂದು ತಪ್ಪಿದೆ. ಆ ತಪ್ಪು ಹುಟ್ಟಿರುವುದೇ ನೀವು ಬಿಟ್ಟ ವಿಚಾರದಿಂದ.

ಮೊದಲು ಟ್ಯಾನ್ ನೋಡೋಣ. y = tan⁻¹x ಅಂದರೆ tan y = x. ಎರಡೂ ಕಡೆ ಡಿಫರೆನ್ಶಿಯೇಟ್ ಮಾಡಿದರೆ sec²y · y′ = 1. sec²y ಎಂದರೆ 1 + tan²y, ಅಂದರೆ 1 + x². ಹಾಗಾಗಿ y′ = 1/(1 + x²). ನಿಮ್ಮ ಸಾಲುಗಳು ಇವೇ, ಚೊಕ್ಕವಾಗಿವೆ. ಆದರೆ ಇಲ್ಲಿ ಎಲ್ಲವೂ ಯಾಕೆ ಇಷ್ಟು ಸಲೀಸಾಗಿ ನಡೆಯಿತು ಅಂತ ನೀವು ಕೇಳಿಕೊಂಡಿಲ್ಲ. ನಮಗೆ ಬೇಕಾಗಿದ್ದೇ sec²y. ವರ್ಗಮೂಲ ತೆಗೆಯುವ ಪ್ರಮೇಯವೇ ಬರಲಿಲ್ಲ. ಅದಕ್ಕೇ ಪ್ಲಸ್ಸಾ ಮೈನಸ್ಸಾ ಅನ್ನುವ ಪ್ರಶ್ನೆಯೂ ಏಳಲಿಲ್ಲ. ಪುಸ್ತಕದಲ್ಲಿರುವ (−π/2, π/2) ರೇಂಜ್ ಬಿಟ್ಟು (π/2, 3π/2) ತೆಗೆದುಕೊಂಡಿದ್ದರೂ ಉತ್ತರ ಇದೇ ಬರುತ್ತಿತ್ತು. y ಗೆ ಒಂದು π ಸೇರುತ್ತದೆ ಅಷ್ಟೇ, ಡೆರಿವೇಟಿವ್‌ಗೆ ಅದರಿಂದ ಏನೂ ಆಗುವುದಿಲ್ಲ. x ಯಾವ ವಾಸ್ತವ ಸಂಖ್ಯೆಯಾದರೂ ಸೂತ್ರ ನಡೆಯುತ್ತದೆ.

ಈ ಧೈರ್ಯವನ್ನೇ ನೀವು ಸೆಕ್‌ಗೂ ಹೊತ್ತುಕೊಂಡು ಹೋಗಿದ್ದೀರಿ. ಅಲ್ಲಿ sec y = x, ಆದ್ದರಿಂದ sec y · tan y · y′ = 1. ಈಗ ಬೇಕಾಗಿರುವುದು tan²y ಅಲ್ಲ, ಬರೀ tan y. ನಮ್ಮ ಕೈಯಲ್ಲಿರುವುದು tan²y = x² − 1 ಮಾತ್ರ. ನಿಮ್ಮ ಎರಡನೇ ಪುಟದಲ್ಲಿ “ಆದ್ದರಿಂದ tan y = √(x² − 1)” ಅಂತ ಬರೆದಿದ್ದೀರಿ. ಆ “ಆದ್ದರಿಂದ”ಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದೇನೆ. ಅದು ಆದ್ದರಿಂದ ಅಲ್ಲ. ವರ್ಗದಿಂದ ಹಿಂದಕ್ಕೆ ಬಂದರೆ ಎರಡು ದಾರಿ ಸಿಗುತ್ತವೆ. ಯಾವುದು ನಮ್ಮದು ಅಂತ ಹೇಳುವುದು ರೇಂಜ್ ಒಂದೇ.

ಪಕ್ಕದಲ್ಲಿ ನೀವು ಬರೆದ ಲಂಬಕೋನ ತ್ರಿಭುಜವೂ ಇಲ್ಲಿ ದಾರಿ ತಪ್ಪಿಸಿದೆ ಅನ್ನಿಸುತ್ತದೆ. ವಿಕರ್ಣ x, ಪಕ್ಕದ ಬಾಹು 1, ಎದುರಿನ ಬಾಹು √(x² − 1). ಬಾಹುವಿನ ಉದ್ದ ಎಂದೂ ಮೈನಸ್ ಆಗುವುದಿಲ್ಲ ಅಲ್ವಾ? x = −2 ಆದರೆ ಆ ತ್ರಿಭುಜವನ್ನು ಬರೆಯುವುದು ಹೇಗೆ? ಆ ಚಿತ್ರ x ಧನವಾಗಿದ್ದಾಗ ಮಾತ್ರ ನಿಜ. ಅದನ್ನು ಇಟ್ಟುಕೊಳ್ಳಿ, ಆದರೆ ಕೆಳಗೆ “x > 1 ಇದ್ದಾಗ” ಅಂತ ಬರೆಯಿರಿ.

ಇನ್ನು ಆಗಬೇಕಾದ ಕೆಲಸ. ನಿಮ್ಮ ಓದುಗರು ಓದುವ ಎನ್‌ಸಿಇಆರ್‌ಟಿ ಪಠ್ಯದಲ್ಲಿ sec⁻¹x ನ ರೇಂಜ್ [0, π], π/2 ಒಂದನ್ನು ಬಿಟ್ಟು. x > 1 ಇದ್ದರೆ y ಮೊದಲನೇ ಕ್ವಾಡ್ರಂಟ್‌ನಲ್ಲಿರುತ್ತದೆ. ಅಲ್ಲಿ tan y ಧನ, ನಿಮ್ಮ ಸಾಲು ಸರಿ. x < −1 ಇದ್ದರೆ y ಎರಡನೇ ಕ್ವಾಡ್ರಂಟ್‌ಗೆ ಹೋಗುತ್ತದೆ. ಅಲ್ಲಿ tan y ಋಣ. ಹಾಗಾಗಿ tan y = −√(x² − 1) ಅಂತಲೇ ಬರೆಯಬೇಕು. ಈಗ sec y · tan y ನೋಡಿ. sec y ಅಂದರೆ x, ಅದೂ ಋಣ. ಮೈನಸ್ಸಿಗೆ ಮೈನಸ್ ಗುಣಿಸಿ ಪ್ಲಸ್ ಆಯಿತು. ಅಂದರೆ ಎರಡೂ ಕಡೆ ಛೇದ ಧನವೇ. ಇದನ್ನು ಒಂದೇ ಸಾಲಿನಲ್ಲಿ ಹೇಳಲು |x| ಬರುತ್ತದೆ:

y′ = 1 / ( |x| √(x² − 1) ), |x| > 1

ಆ ಮಾಡ್ ಚಿಹ್ನೆಯನ್ನು ಮಕ್ಕಳು ಸುಮ್ನೆ ಬಾಯಿಪಾಠ ಮಾಡುತ್ತಾರೆ, ಇಲ್ಲವೇ ಮರೆಯುತ್ತಾರೆ. ಅದು ಎಲ್ಲಿಂದ ಬಂತು ಅಂತ ತೋರಿಸುವುದೇ ನಿಮ್ಮ ಲೇಖನದ ಜೀವಾಳ ಆಗಬೇಕು.

ನನ್ನ ಮಾತಿನ ಮೇಲೆ ನಂಬಿಕೆ ಬೇಡ, ಕ್ಯಾಲ್ಕುಲೇಟರ್ ತೆಗೆಯಿರಿ. ಅದರಲ್ಲಿ ಸೆಕ್ ಇನ್ವರ್ಸ್ ಬಟನ್ ಸಾಮಾನ್ಯವಾಗಿ ಇರುವುದಿಲ್ಲ. ಆದರೆ sec⁻¹x = cos⁻¹(1/x). x = −2.1 ಹಾಕಿದರೆ 118.44 ಡಿಗ್ರಿ ಬರುತ್ತದೆ. x = −2 ಹಾಕಿದರೆ 120 ಡಿಗ್ರಿ. x ಬಲಕ್ಕೆ 0.1 ಸರಿದಾಗ ಕೋನ 1.56 ಡಿಗ್ರಿ ಹೆಚ್ಚಾಯಿತು. ರೇಡಿಯನ್‌ನಲ್ಲಿ ಅದು ಸುಮಾರು 0.0273. ಅದನ್ನು 0.1 ರಿಂದ ಭಾಗಿಸಿದರೆ 0.273. ಮಾಡ್ ಇರುವ ಸೂತ್ರ x = −2 ರಲ್ಲಿ 1/(2√3), ಅಂದರೆ 0.289 ಕೊಡುತ್ತದೆ, −2.1 ರಲ್ಲಿ 0.258. ನಮ್ಮ 0.273 ಸರಿಯಾಗಿ ನಡುವೆ ಕೂತಿದೆ. ಮಾಡ್ ಇಲ್ಲದ ನಿಮ್ಮ ಸೂತ್ರ 1/(x√(x² − 1)), x = −2 ರಲ್ಲಿ −0.289 ಅನ್ನುತ್ತದೆ, ಅಂದರೆ ಗ್ರಾಫ್ ಇಳಿಯುತ್ತಿದೆ ಅಂತ. ಕ್ಯಾಲ್ಕುಲೇಟರ್ ಏರುತ್ತಿದೆ ಅನ್ನುತ್ತಿದೆ. ಈ ಡಿಗ್ರಿ–ರೇಡಿಯನ್ ಬದಲಾವಣೆಯನ್ನೂ ಲೇಖನದಲ್ಲಿ ಬಿಡಬೇಡಿ. ಮಕ್ಕಳು 1.56 ನ್ನೇ ಭಾಗಿಸಿ ಸೂತ್ರ ತಪ್ಪು ಅಂದುಕೊಳ್ಳುತ್ತಾರೆ.

ಇಷ್ಟಾದ ಮೇಲೆ ನೀವು ಒಂದು ಪ್ರಶ್ನೆ ಎತ್ತಬಹುದು: “ಮಾಡ್ ಇಲ್ಲದ ಸೂತ್ರವನ್ನು ನಾನು ಪುಸ್ತಕದಲ್ಲೇ ನೋಡಿದ್ದೇನೆ” ಅಂತ. ನೋಡಿರಬಹುದು. ಕೆಲವು ಪುಸ್ತಕಗಳು ರೇಂಜ್ ಅನ್ನು [0, π/2) ಮತ್ತು [π, 3π/2) ಅಂತ ಇಟ್ಟುಕೊಳ್ಳುತ್ತವೆ. ಋಣ x ಗೆ ಕೋನ ಆಗ ಮೂರನೇ ಕ್ವಾಡ್ರಂಟ್‌ನಲ್ಲಿ ಬರುತ್ತದೆ. ಅಲ್ಲಿ tan y ಧನ. ಹಾಗಾಗಿ 1/(x√(x² − 1)) ಅವರ ಮಟ್ಟಿಗೆ ಪೂರ್ತಿ ಸರಿ. ಅವರ sec⁻¹(−2) 240 ಡಿಗ್ರಿ, ನಮ್ಮದು 120. ಟ್ಯಾನ್‌ನಲ್ಲಿ ರೇಂಜ್ ಬದಲಿಸಿದರೂ ಡೆರಿವೇಟಿವ್ ಬದಲಾಗಲಿಲ್ಲ, ಇಲ್ಲಿ ಚಿಹ್ನೆಯೇ ತಿರುಗಿತು. ಒಂದು ಪುಸ್ತಕದ ರೇಂಜ್, ಇನ್ನೊಂದರ ಸೂತ್ರ ಬೆರೆಸಿದರೆ ಮಾತ್ರ ತಪ್ಪು. ನಿಮ್ಮ ಲೇಖನದಲ್ಲಿ ಆಗಿರುವುದು ಅದೇ: ಮೊದಲ ಪುಟದ ಗ್ರಾಫ್ 0 ರಿಂದ π ವರೆಗಿನದು, ಸೂತ್ರ ಬೇರೆಯವರದು.

ಡೊಮೈನ್ ಬಗ್ಗೆ ಒಂದು ಸಣ್ಣ ತಿದ್ದುಪಡಿ. ಕೊನೆಗೆ ನೀವು |x| ≥ 1 ಅಂತ ಬರೆದಿದ್ದೀರಿ. ಅದು sec⁻¹x ನ ಡೊಮೈನ್. ಡೆರಿವೇಟಿವ್‌ಗೆ 1 ಮತ್ತು −1 ಎರಡನ್ನೂ ಬಿಡಬೇಕು. ಅಲ್ಲಿ ಬೆಲೆ ಇದೆ, 0 ಮತ್ತು π. ಆದರೆ ಗ್ರಾಫ್ ನೆಟ್ಟಗೆ ನಿಂತುಬಿಡುತ್ತದೆ, ಸ್ಲೋಪ್ ಇಲ್ಲ.

“ಒಂದು ಚಿಹ್ನೆಗೆ ಇಷ್ಟು ಯಾಕೆ” ಅಂತ ಓದುಗ ಕೇಳಿದರೆ ಈ ಲೆಕ್ಕ ಕೊಡಿ: 1/(x√(x² − 1)) ನ್ನು −2 ರಿಂದ −√2 ವರೆಗೆ ಇಂಟಿಗ್ರೇಟ್ ಮಾಡಿ. ನಿಮ್ಮ ಸೂತ್ರ ನಂಬಿ sec⁻¹x ಹಾಕಿದರೆ 3π/4 − 2π/3, ಅಂದರೆ π/12 ಬರುತ್ತದೆ. ಆದರೆ ಆ ಭಾಗದಲ್ಲೆಲ್ಲ x ಋಣ, ಒಳಗಿನ ಬೆಲೆಗಳೆಲ್ಲ ಋಣ. ಋಣಗಳನ್ನೇ ಕೂಡಿಸುತ್ತಾ ಹೋದರೆ ಮೊತ್ತ ಧನ ಆಗಲು ಹೇಗೆ ಸಾಧ್ಯ? ಅಲ್ಲೇ ತಪ್ಪು ಸಿಕ್ಕಿಬೀಳುತ್ತದೆ. ಹಾಕಬೇಕಾಗಿದ್ದು sec⁻¹|x|. ಆಗ π/4 − π/3 = −π/12.

ಈ ಲೆಕ್ಕವನ್ನು ಲೇಖನದ ಶುರುವಿನಲ್ಲೇ ಇಡಿ, ಉತ್ತರ ತಪ್ಪು ಬರುವ ತನಕ ಮಾತ್ರ. ಆಮೇಲೆ ಟ್ಯಾನ್, ಆಮೇಲೆ ಸೆಕ್. ಪೀಠಿಕೆಯ ಎರಡು ಪ್ಯಾರಾ ತೆಗೆದರೆ ಜಾಗ ಸಾಕಾಗುತ್ತದೆ. ಗ್ರಾಫ್ ನಾವೇ ಬರೆಸುತ್ತೇವೆ. ಎಡಗಡೆಯ ತುಂಡು x = −1 ರಲ್ಲಿ π ಮುಟ್ಟುವ ಹಾಗೆ ಒಂದು ಕಚ್ಚಾ ಚಿತ್ರ ಜೊತೆಗಿಟ್ಟು ಕಳಿಸಿ.