ಈ ಮೂರು ಸಾವಿರ ಬಂದದ್ದೋ, ಹೋದದ್ದೋ?

*ಸಂಪಾದಕರಿಗೆ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಗ್ಲಾಕೋಮಾದಿಂದ ಆರು ವರ್ಷದ ಹಿಂದೆ ಕಣ್ಣು ಪೂರ್ತಿ ಹೋಯಿತು. ಮೊಬೈಲಿನಲ್ಲಿ ತೆರೆಯ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಸುದ್ದಿ ಕೇಳುವಷ್ಟು ಕಲಿತಿದ್ದೇನೆ. ನಮ್ಮ ಬ್ಯಾಂಕಿನ ಮ್ಯಾನೇಜರಿಗೆ ಮೊಮ್ಮಗಳ ಕೈಲಿ ಪತ್ರ ಬರೆಸಿದೆ: "ದೃಷ್ಟಿ ಕಳೆದುಕೊಂಡ ನನ್ನ ಮೇಲೆ ದಯೆಯಿಟ್ಟು, ಅನುಕೂಲವಾಗುವಂಥ ಸ್ಟೇಟ್‌ಮೆಂಟ್ ಕೊಡಿಸಿ, ಬಂದಾಗ ಸಿಬ್ಬಂದಿ ಸಹಕರಿಸುವಂತೆ ಮಾಡಬೇಕಾಗಿ ಪ್ರಾರ್ಥನೆ." ತಿಂಗಳಾಯಿತು, ಉತ್ತರವಿಲ್ಲ. ಹೋಗಿ ಕೇಳಿದರೆ, "ಪಾಸ್‌ಬುಕ್ ಇದೆಯಲ್ಲ, ಮನೆಯವರ ಹತ್ತಿರ ಓದಿಸಿಕೊಳ್ಳಿ" ಎಂದರು. ಮಗ ಹೇಳುವುದೂ ಅದನ್ನೇ. ನಾನು ಕೇಳಿದ್ದು ಜಾಸ್ತಿಯಾಯಿತೇ?*
*— ನಿವೃತ್ತ ಶಿಕ್ಷಕ, ಹಾಸನ ಜಿಲ್ಲೆ*

ಮೇಷ್ಟ್ರೇ, ಜಾಸ್ತಿಯಾಗಲಿಲ್ಲ, ಕಡಿಮೆಯಾಯಿತು. ನಿಮ್ಮ ಮೇಲೆ ನನಗೆ ಸ್ವಲ್ಪ ಕೋಪವೂ ಇದೆ. ಇಷ್ಟು ವರ್ಷ ಮಕ್ಕಳಿಗೆ "ಉತ್ತರ ಸ್ಪಷ್ಟವಾಗಿ ಬರಿ" ಅಂತ ಹೇಳಿದವರು ನೀವು. ಈಗ "ಅನುಕೂಲವಾಗುವಂಥ ಸ್ಟೇಟ್‌ಮೆಂಟ್" ಅಂತ ಬರೆಸಿದ್ದೀರಿ. ಅದು ಯಾವುದು ಅಂತ ಆ ಮ್ಯಾನೇಜರಿಗೆ ಹೇಗೆ ಗೊತ್ತಾಗಬೇಕು? ಕಣ್ಣು ಕಾಣದವರು ಅಂದರೆ ಬ್ರೈಲ್ ಅಂತ ಅವರು ಅಂದುಕೊಂಡಿರಬಹುದು. ತಮ್ಮ ಶಾಖೆಯಲ್ಲಿ ಬ್ರೈಲ್ ಅಚ್ಚು ಹಾಕುವ ಯಂತ್ರ ಇಲ್ಲವಲ್ಲ ಅಂತ ಪತ್ರವನ್ನು ಫೈಲಿಗೆ ಸೇರಿಸಿರಬಹುದು. ನಿಮ್ಮ ಹಾಗೆ ವಯಸ್ಸಾದ ಮೇಲೆ ಕಣ್ಣು ಕಳೆದುಕೊಂಡವರಲ್ಲಿ ಬಹಳ ಜನಕ್ಕೆ ಬ್ರೈಲ್ ಬರುವುದಿಲ್ಲ. ಕೊಟ್ಟರೂ ಉಪಯೋಗವಿಲ್ಲ.

ಮನೆಯವರ ಹತ್ತಿರ ಓದಿಸಿಕೊಳ್ಳಿ ಅನ್ನುವ ಮಾತಿಗೆ ಬರುತ್ತೇನೆ, ಯಾಕೆಂದರೆ ಆ ಓದುವವನು ನಾನೇ ಆಗಿದ್ದೆ. ನಮ್ಮ ಸೋದರತ್ತೆಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು. ಮಾವನ ಫ್ಯಾಮಿಲಿ ಪೆನ್ಷನ್ ಬರುತ್ತಿತ್ತು. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ನಾನು ಹೋದಾಗಲೆಲ್ಲ, "ಓದಪ್ಪಾ, ಎಲ್ಲಾ ಸಾಲೂ ಓದು" ಅನ್ನೋರು. ನಾನು ಎಲ್ಲಾ ಸಾಲೂ ಓದುತ್ತಿರಲಿಲ್ಲ. ಪೆನ್ಷನ್ ಎಷ್ಟು ಬಂತು, ಕೊನೆಗೆ ಎಷ್ಟು ಉಳಿಯಿತು, ಅಷ್ಟೇ. ನಡುವಿನ 17 ರೂಪಾಯಿ 70 ಪೈಸೆಯ ಎಸ್ಸೆಮ್ಮೆಸ್ ಚಾರ್ಜು, ಸಣ್ಣಪುಟ್ಟ ವಿತ್‌ಡ್ರಾವಲ್ ಯಾಕೆ ಅಂತ ಬಿಟ್ಟುಬಿಡುತ್ತಿದ್ದೆ. ಅತ್ತೆಗೆ ದುಡ್ಡು ತೆಗೆಯುವ ಚೀಟಿ ಬರೆದುಕೊಡುತ್ತಿದ್ದವರು ಪಕ್ಕದ ಮನೆಯವರು. ಎರಡು ಸಾವಿರ ಬೇಕು ಅಂದಾಗ ಮೂರು ಸಾವಿರ ಬರೆದು, ಅತ್ತೆಯ ಹೆಬ್ಬೆಟ್ಟು ಒತ್ತಿಸಿ, ಎರಡನ್ನು ಕೈಗೆ ಕೊಟ್ಟದ್ದು ಏಳು ತಿಂಗಳು ನಡೆಯಿತು. ಸಾಲುಗಳು ಪಾಸ್‌ಬುಕ್ಕಿನಲ್ಲೇ ಇದ್ದವು. ನನ್ನ ಕಣ್ಣು ಅವುಗಳ ಮೇಲೇ ಹಾದುಹೋಗಿತ್ತು. ಎಷ್ಟು ಒಳ್ಳೆಯ ಮನೆಯವರಾದರೂ ಓದಿ ಹೇಳುವಾಗ ತಮಗೆ ಮುಖ್ಯ ಅನ್ನಿಸಿದ್ದನ್ನು ಮಾತ್ರ ಹೇಳುತ್ತಾರೆ ಅನ್ನುವುದನ್ನು ಅವತ್ತಿನಿಂದ ನಾನು ಮರೆತಿಲ್ಲ. ತನ್ನ ಲೆಕ್ಕವನ್ನು ತಾನೇ ಓದಿಕೊಳ್ಳುವ ದಾರಿ ಮೊದಲು ಬೇಕು. ಸಿಬ್ಬಂದಿಯ ಸಹಾಯ ಅದರ ಮೇಲೆ.

ಸರಿ, ಸ್ಟೇಟ್‌ಮೆಂಟ್ ಅಂದರೆ ಪಿಡಿಎಫ್ ಕಳಿಸುತ್ತೇವೆ ಅಂತ ಬ್ಯಾಂಕು ಒಪ್ಪಿತು ಅಂದುಕೊಳ್ಳೋಣ. ಪಿಡಿಎಫ್‌ನಲ್ಲಿ ಎರಡು ಜಾತಿ. ಒಂದು, ಕಾಗದದಲ್ಲಿ ಅಚ್ಚು ಹಾಕಿ ಸ್ಕ್ಯಾನ್ ಮಾಡಿದ್ದು. ಅದು ಬರೀ ಫೋಟೋ, ಟಾಕ್‌ಬ್ಯಾಕ್‌ಗೆ ಅದರಲ್ಲಿ ಒಂದಕ್ಷರವೂ ಸಿಗುವುದಿಲ್ಲ. ಇನ್ನೊಂದು, ಕಂಪ್ಯೂಟರಿನಿಂದ ನೇರ ಹೊರಟದ್ದು, ಅದರಲ್ಲಿ ಅಕ್ಷರ ಇರುತ್ತದೆ. ಕಂಡುಹಿಡಿಯುವುದು ಸುಲಭ. ಮೊಮ್ಮಗಳಿಗೆ ಒಂದು ಪದದ ಮೇಲೆ ಬೆರಳು ಒತ್ತಿಹಿಡಿಯಲು ಹೇಳಿ. ಆ ಪದ ಒಂದೇ ಸೆಲೆಕ್ಟ್ ಆದರೆ ಅಕ್ಷರ ಇದೆ, ಆಗದಿದ್ದರೆ ಸಾಮಾನ್ಯವಾಗಿ ಫೋಟೋ.

ಆದರೆ ಅಕ್ಷರ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ನಿಜವಾದ ತೊಂದರೆ ಶುರುವಾಗುವುದೇ ಇಲ್ಲಿ, ಇದು ಕಣ್ಣಿದ್ದವರಿಗೆ ಹೊಳೆಯುವುದೇ ಇಲ್ಲ. ತಿಂಗಳ ಮೊದಲಿಗೆ ನಿಮ್ಮ ಖಾತೆಯಲ್ಲಿ 18,240 ಇತ್ತು ಅನ್ನಿ. ಒಂದನೇ ತಾರೀಖು ಪೆನ್ಷನ್ 31,200 ಬಂತು. ಮೂರನೇ ತಾರೀಖು ನೀವು ಮೂರು ಸಾವಿರ ತೆಗೆದಿರಿ. ಐದನೇ ತಾರೀಖು ಬಾಡಿಗೆಯವರು ಮೂರು ಸಾವಿರ ಹಾಕಿದರು. ಕಾಗದದ ಮೇಲೆ ಖರ್ಚಿನ ಕಾಲಂ ಬೇರೆ, ಜಮೆಯ ಕಾಲಂ ಬೇರೆ, ನೋಡಿದ ತಕ್ಷಣ ತಿಳಿಯುತ್ತದೆ. ಈಗ ಅದೇ ಹಾಳೆಯನ್ನು ಫೋನ್ ಓದಲಿ: "ಮೂರನೇ ತಾರೀಖು, ಮೂರು ಸಾವಿರ, ನಲವತ್ತಾರು ಸಾವಿರದ ನಾನೂರ ನಲವತ್ತು. ಐದನೇ ತಾರೀಖು, ಮೂರು ಸಾವಿರ, ನಲವತ್ತೊಂಬತ್ತು ಸಾವಿರದ ನಾನೂರ ನಲವತ್ತು." ಯಾವ ಮೂರು ಸಾವಿರ ಬಂದದ್ದು, ಯಾವುದು ಹೋದದ್ದು? ಫೋನ್ ಹೇಳುವುದಿಲ್ಲ. ಪ್ರತಿ ಸಾಲಿನಲ್ಲಿ ಎರಡು ಕಾಲಂಗಳ ಪೈಕಿ ಒಂದು ಖಾಲಿ ಇರುತ್ತದೆ. ಖಾಲಿ ಜಾಗಕ್ಕೆ ದನಿ ಇಲ್ಲ, ಅದನ್ನು ಹಾರಿಸಿ ಮುಂದಿನ ಅಂಕಿಗೆ ಹೋಗಿಬಿಡುತ್ತದೆ. ಪಿಡಿಎಫ್ ತಯಾರಿಸುವಾಗಲೇ ಇದು ಟೇಬಲ್ಲು, ಇದು ಈ ಕಾಲಮ್ಮಿನ ತಲೆಬರಹ ಅಂತ ಒಳಗೆ ಗುರುತು ಹಾಕುವ ವ್ಯವಸ್ಥೆ ಇದೆ, ಅದಕ್ಕೆ ಟ್ಯಾಗ್ ಅನ್ನುತ್ತಾರೆ. ನಾನು ತೆಗೆದು ನೋಡಿದ ಸ್ಟೇಟ್‌ಮೆಂಟುಗಳಲ್ಲಿ ಆ ಟ್ಯಾಗ್ ಇರಲಿಲ್ಲ.

ನೀವು ಗಣಿತದವರು, ಉಳಿಕೆ ಏರಿತೋ ಇಳಿಯಿತೋ ಅಂತ ಮನಸ್ಸಿನಲ್ಲೇ ಕಳೆದು ಹೇಳಿಬಿಡುತ್ತೀರಿ. ನಾಲ್ಕು ಸಾಲಾದರೆ ಸರಿ. ನಲವತ್ತು ಸಾಲಿನ ಉಳಿಕೆಯನ್ನು ನೆನಪಿಟ್ಟುಕೊಂಡು ಕಳೆಯುತ್ತಾ ಕೂರಬೇಕು ಅಂದರೆ ಅದು ಸ್ಟೇಟ್‌ಮೆಂಟ್ ಅಲ್ಲ, ಪರೀಕ್ಷೆ.

ಪರಿಹಾರಕ್ಕೆ ಕಾಸು ಖರ್ಚಿಲ್ಲ. ಅದೇ ಲೆಕ್ಕವನ್ನು ಎಕ್ಸೆಲ್ ಫೈಲಿನಲ್ಲಿ ಕೇಳಿ. ಬಹುತೇಕ ಬ್ಯಾಂಕುಗಳ ನೆಟ್ ಬ್ಯಾಂಕಿಂಗಿನಲ್ಲಿ ಆ ಆಯ್ಕೆ ಇದ್ದೇ ಇದೆ. ಆದರೆ ಒಳಗೆ ಹೋಗಲು ಎಷ್ಟೋ ಕಡೆ ಚಿತ್ರದಲ್ಲಿರುವ ಅಕ್ಷರ ಟೈಪ್ ಮಾಡಿ ಅನ್ನುತ್ತಾರೆ, ಅಲ್ಲಿಗೇ ನಿಮ್ಮಂಥವರ ದಾರಿ ಮುಚ್ಚಿತು. ಅದಕ್ಕೇ ಶಾಖೆಯವರೇ ಈಮೇಲ್ ಮಾಡಲಿ. ಎಕ್ಸೆಲ್‌ನಲ್ಲಿ ಒಂದೊಂದು ಚೌಕವೂ ಬೇರೆ ಬೇರೆ, ಖಾಲಿ ಚೌಕಕ್ಕೆ ಬಂದರೂ ಓದುವ ತಂತ್ರಾಂಶ ಖಾಲಿ ಅಂತಲೋ ಚೌಕದ ಹೆಸರನ್ನೋ ಹೇಳುತ್ತದೆ. ಇದಕ್ಕೆ ಚಿಕ್ಕ ಫೋನಿಗಿಂತ ಕಂಪ್ಯೂಟರ್ ವಾಸಿ. ತೆರೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ಪುಕ್ಕಟೆ ತಂತ್ರಾಂಶ ಅದರಲ್ಲಿ ಹಾಕಿಸಿಕೊಳ್ಳಿ. ಎಕ್ಸೆಲ್ ಆಗಲ್ಲ ಅಂದರೆ ಖಾಲಿ ಜಾಗದಲ್ಲಿ ಸೊನ್ನೆ ಹಾಕಿ ಕೊಡಲಿ, ಇಲ್ಲವೇ ಮೊತ್ತದ ಪಕ್ಕ "ಜಮೆ", "ಖರ್ಚು" ಅಂತ ಒಂದು ಪದ ಇರಲಿ. ಪತ್ರದಲ್ಲಿ ಇದನ್ನೇ, ಇಷ್ಟೇ ವಿವರವಾಗಿ ಬರೆಸಿ.

ಸಿಬ್ಬಂದಿಯ ವಿಷಯ. ಅವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಜನ ಕಡಿಮೆ, ಸಾಲು ಉದ್ದ. ಗ್ರಾಹಕರ ಪರವಾಗಿ ಚೀಟಿ ತುಂಬಿದ ಗುಮಾಸ್ತರು ಮುಂದೆ ವಿಚಾರಣೆಯಲ್ಲಿ ಸಿಕ್ಕಿಕೊಳ್ಳುವ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ಭಯಕ್ಕೆ ಔಷಧಿ ಇರುವುದು ಕ್ರಮದಲ್ಲಿ, ಗ್ರಾಹಕರನ್ನು ಓಡಿಸುವುದರಲ್ಲಿ ಅಲ್ಲ. ಸಿಬ್ಬಂದಿ ಚೀಟಿ ತುಂಬಲಿ, ತುಂಬಿದ್ದನ್ನು ನಿಮಗೆ ಓದಿ ಹೇಳಲಿ, ಆಮೇಲೆ ನಿಮ್ಮ ಸಹಿ. ಓದುವುದು ಕೌಂಟರಿನಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗಲ್ಲ, ಪಕ್ಕಕ್ಕೆ ಕೂರಿಸಿಕೊಂಡು. ನಿಮ್ಮ ಉಳಿಕೆ ಎಷ್ಟು ಅಂತ ಹಿಂದೆ ನಿಂತವನಿಗೆ ಯಾಕೆ ತಿಳಿಯಬೇಕು? ಕ್ಯಾಷಿಯರ್ ದುಡ್ಡು ಕೊಡುವಾಗ ಇಷ್ಟು ಐನೂರರದ್ದು, ಇಷ್ಟು ಇನ್ನೂರರದ್ದು ಅಂತ ಬೇರೆ ಬೇರೆ ಮಾಡಿ ಕೈಗಿಡಲಿ. ಈಗಿನ 500ರ ನೋಟಿಗೂ 200ರ ನೋಟಿಗೂ ಉದ್ದದಲ್ಲಿ 4 ಮಿಲಿಮೀಟರ್ ಮಾತ್ರ ವ್ಯತ್ಯಾಸ. ಅಂಚಿನ ಉಬ್ಬುಗೆರೆ ಹೊಸ ನೋಟಿನಲ್ಲಿ ಬೆರಳಿಗೆ ಸಿಗುತ್ತದೆ, ಸವೆದ ನೋಟಿನಲ್ಲಿ ಸಿಗುವುದಿಲ್ಲ. ಮನೆಗೆ ಬಂದು ನೋಡಿಕೊಳ್ಳಲು ರಿಸರ್ವ್ ಬ್ಯಾಂಕಿನದೇ ಮಣಿ ಅನ್ನುವ ಆ್ಯಪ್ ಇದೆ, ಇಂಟರ್ನೆಟ್ ಇಲ್ಲದೆಯೂ ನೋಟು ನೋಡಿ ಹೇಳುತ್ತದೆ. ಇನ್ನೊಂದು, ಸಹಾಯ ಮಾಡುತ್ತೇನೆ ಅಂದ ಯಾರಿಗೂ, ಮಗನಿಗೂ ಸೇರಿಸಿ ಹೇಳುತ್ತಿದ್ದೇನೆ, ಪಿನ್ ನಂಬರ್ ಕೊಡಬೇಡಿ.

ಇದಕ್ಕೆಲ್ಲ ಆಧಾರ ಏನು ಅಂತ ಮ್ಯಾನೇಜರ್ ಕೇಳಬಹುದು. 2008ರ ಜೂನ್‌ನಲ್ಲೇ ರಿಸರ್ವ್ ಬ್ಯಾಂಕು ಕಣ್ಣು ಕಾಣದವರಿಗೆ ಚೆಕ್‌ಬುಕ್, ಎಟಿಎಂ, ಲಾಕರ್, ನೆಟ್ ಬ್ಯಾಂಕಿಂಗ್ ಯಾವುದನ್ನೂ ಭೇದ ಮಾಡದೆ ಕೊಡಬೇಕು ಅಂತ ಸುತ್ತೋಲೆ ಹೊರಡಿಸಿದೆ. 2017ರ ನವೆಂಬರ್ 9ರ ಸುತ್ತೋಲೆ 70 ದಾಟಿದವರಿಗೂ ಕಣ್ಣು ಕಾಣದವರಿಗೂ ಮನೆ ಬಾಗಿಲಲ್ಲೇ ನಗದು ಕೊಡುವುದು, ಜೀವಂತ ಪ್ರಮಾಣಪತ್ರ ಪಡೆಯುವುದು ಇಂಥವನ್ನು ಹೇಳಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಕಲಂ ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ ಸಮಾನ ಹಕ್ಕು ಕೊಟ್ಟಿದೆ. "ದಯೆಯಿಟ್ಟು" ಅನ್ನುವ ಪದವನ್ನು ತೆಗೆದು ಆ ಜಾಗದಲ್ಲಿ ಇವು ಮೂರನ್ನು ಬರೆಸಿ.

ಈ ದೇಶದಲ್ಲಿ ಬಾಗಿಲು ಕಟ್ಟುವವರೆಲ್ಲ ಕಣ್ಣಿದ್ದವರನ್ನೇ ನೆನೆದು ಕಟ್ಟುತ್ತಾರೆ. ಮೊಬೈಲ್ ಕೆವೈಸಿಯಲ್ಲಿ ಕಣ್ಣು ಮಿಟುಕಿಸಿ, ನೀವು ಬದುಕಿದ್ದೀರಿ ಅಂತ ತೋರಿಸಿ ಅನ್ನುತ್ತಾರೆ. ಕಣ್ಣೇ ಇಲ್ಲದವರು ಏನು ಮಿಟುಕಿಸಬೇಕು? 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟೇ ಬೇರೆ ದಾರಿ ಕೊಡಿ ಅಂತ ಹೇಳಬೇಕಾಯಿತು. ನಮ್ಮ ಕನ್ನಡದ ಕಥೆಯಂತೂ ಇನ್ನೂ ಬೇಜಾರು. ಇವತ್ತಿಗೂ ಎಷ್ಟೋ ಕಚೇರಿಗಳ ಸೂಚನೆ, ಅರ್ಜಿ ನಮೂನೆ ಎಲ್ಲ ಯಂತ್ರಗಳಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡ್‌ನಲ್ಲಿಲ್ಲ, ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿವೆ. ಕಣ್ಣಿಗೆ ಅದು "ಕನ್ನಡ" ಅಂತ ಕಾಣುತ್ತದೆ. ಒಳಗೆ ಇರುವುದು `PÀ£ÀßqÀ`. ಓದುವ ತಂತ್ರಾಂಶಕ್ಕೆ ಸಿಗುವುದು ಆ ಗೋಜಲೇ. ನಿಮ್ಮ ಮ್ಯಾನೇಜರ್ ಪ್ರೀತಿಯಿಂದ ಕನ್ನಡದಲ್ಲೇ ಉತ್ತರ ಟೈಪ್ ಮಾಡಿಸಿದರೂ ಅದು ನುಡಿಯಲ್ಲಿದ್ದರೆ ನಿಮಗೆ ಮುಟ್ಟುವುದಿಲ್ಲ. ಹಾಗಾಗಿ "ಉತ್ತರ ಯೂನಿಕೋಡ್ ಕನ್ನಡದಲ್ಲಿ, ಈಮೇಲ್‌ನ ಒಳಗೇ ಇರಲಿ" ಅಂತ ಒಂದು ಸಾಲು ಸೇರಿಸಿ.

ಮೊದಲ ಪತ್ರಕ್ಕೆ ಸ್ವೀಕೃತಿ ಪಡೆದಿರಾ? ಅದರ ಬಗ್ಗೆ ನೀವು ಹೇಳಿಲ್ಲ, ಪಡೆದಿಲ್ಲ ಅಂದುಕೊಳ್ಳುತ್ತೇನೆ. ಈ ಸಲ ಎರಡು ಪ್ರತಿ ಒಯ್ಯಿರಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ದೂರು ಕೊಟ್ಟು 30 ದಿನದಲ್ಲಿ ಬ್ಯಾಂಕು ಉತ್ತರಿಸದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ಹೋಗಬಹುದು, ಖರ್ಚಿಲ್ಲ, ವಕೀಲರೂ ಬೇಕಿಲ್ಲ. ಆದರೆ 30 ದಿನ ಯಾವತ್ತಿನಿಂದ ಅನ್ನುವುದಕ್ಕೆ ನಿಮ್ಮ ಪ್ರತಿಯ ಮೇಲಿನ ಸೀಲೇ ಸಾಕ್ಷಿ. ಮೊಮ್ಮಗಳ ಹತ್ತಿರ ಆ ಸೀಲಿನ ತಾರೀಖನ್ನು ಜೋರಾಗಿ ಓದಿಸಿಕೊಂಡು ಆಮೇಲೆ ಕೌಂಟರ್ ಬಿಟ್ಟು ಬನ್ನಿ.