ಎಮ್ಮೆ ದೋಸೆ ತಿಂದರೆ ನಗು, ಹಾರಿದರೆ ಯಾಕಿಲ್ಲ?

ಸಂಪಾದಕರೇ, ನಮಸ್ಕಾರ. ನಮ್ಮ ಹಾಸ್ಟೆಲ್ ಡೇ ದಿನ ಒಂದು ಜೋಕ್ ಹೇಳಿದೆ. ಎಮ್ಮೆ ಬೆಣ್ಣೆ ದೋಸೆ ಹೋಟೆಲಿಗೆ ಬರುತ್ತದೆ, ದೋಸೆಗೆ ಆರ್ಡರ್ ಕೊಡುತ್ತದೆ, ಆಮೇಲೆ ಚಿತ್ರದುರ್ಗದ ಕೋಟೆ ಮೇಲೆ ಹಾರಿ ಸ್ಟೇಷನ್ ಮಾಸ್ಟರ್ ಆಗುತ್ತದೆ, ಚಂದ್ರ ಚಟ್ನಿಗೆ ಬೀಳುತ್ತಾನೆ. ಮೊದಲು ನಕ್ಕರು, ಆಮೇಲೆ ಎಲ್ಲರೂ ಮೊಬೈಲ್ ನೋಡಿದರು. ತಲೆಬುಡ ಇಲ್ಲದ್ದೇ ಹಾಸ್ಯ ಅಲ್ವಾ? ಎಲ್ಲಿ ತಪ್ಪಿದೆ?
– ಒಬ್ಬ ವಿದ್ಯಾರ್ಥಿ, ದಾವಣಗೆರೆ

ಪ್ರಿಯರೇ,

ಮೊದಲು ನಕ್ಕ ಜಾಗವನ್ನೇ ನೋಡೋಣ. ಎಮ್ಮೆ ಬಂದು ಕೂತಿತು. ಸಪ್ಲೈಯರ್ ಹೆದರಿ ಓಡುತ್ತಾನೆ ಎಂದು ಕೇಳುವವರು ಕಾಯುತ್ತಾರೆ. ಅವನು ಟೇಬಲ್ ಒರೆಸುತ್ತಾ "ಖಾಲಿನಾ, ಬೆಣ್ಣೆನಾ?" ಅನ್ನುತ್ತಾನೆ. "ಖಾಲಿ ಸಾಕು, ಬೆಣ್ಣೆ ಮನೆಯದೇ ಇದೆ" ಅನ್ನುತ್ತದೆ ಎಮ್ಮೆ. ಸುಳ್ಳು ಒಂದೇ: ಎಮ್ಮೆ ಮಾತಾಡುತ್ತದೆ. ಉಳಿದದ್ದೆಲ್ಲ ನಾವು ದಿನಾ ನೋಡುವ ಹೋಟೆಲ್ಲೇ. ಎಮ್ಮೆಯ ಉತ್ತರವೂ ಎಮ್ಮೆಗೆ ತಕ್ಕದ್ದೇ.

1960ರ ದಶಕದಲ್ಲಿ ಅಮೆರಿಕದಲ್ಲಿ ಆನೆ ಜೋಕುಗಳ ಹುಚ್ಚು ಹಬ್ಬಿತ್ತು. ಅದರಲ್ಲೊಂದು: ಫ್ರಿಜ್ಜಿನೊಳಗೆ ಆನೆ ಬಂದುಹೋಗಿದೆ ಅಂತ ಹೇಗೆ ಗೊತ್ತಾಗುತ್ತೆ? ಬೆಣ್ಣೆ ಮೇಲೆ ಹೆಜ್ಜೆ ಗುರುತು ಇರುತ್ತೆ. ಆನೆ ಫ್ರಿಜ್ಜಿಗೆ ಹಿಡಿಯುವುದಿಲ್ಲ, ನಿಜ. ಆದರೆ ಬಂದದ್ದೇ ಆದರೆ ಗುರುತು ಬೀಳಲೇಬೇಕು, ಬೆಣ್ಣೆ ಮೆತ್ತಗಲ್ವಾ! ತರ್ಕ ಬಿಟ್ಟದ್ದು ಒಂದೇ ಹೆಜ್ಜೆ. ಮುಂದಿನ ಹೆಜ್ಜೆಯನ್ನು ಪೊಲೀಸರ ಹಾಗೆ ಲೆಕ್ಕ ಹಾಕಿ ಇಟ್ಟಿದ್ದಾರೆ.

ನಿಮ್ಮ ಎಮ್ಮೆ ಹಾರಿದ್ದು ಎರಡನೇ ಸುಳ್ಳು. ಸ್ಟೇಷನ್ ಮಾಸ್ಟರ್ ಆಗಿದ್ದು ಮೂರನೆಯದು. ಯಾವುದಕ್ಕೂ ಹಿಂದಿನದರ ನೆನಪಿಲ್ಲ. ಕೇಳುವವರು ಮನಸ್ಸಿನಲ್ಲೇ ಮುಂದಿನದನ್ನು ಊಹಿಸುತ್ತಿರುತ್ತಾರೆ. ಆ ಊಹೆ ತಪ್ಪಿದಾಗ ನಗು ಬರುತ್ತದೆ. ಏನು ಬೇಕಾದರೂ ಆಗಬಹುದು ಅಂತ ಗೊತ್ತಾದ ಮೇಲೆ ಯಾರೂ ಊಹಿಸುವುದಿಲ್ಲ. ಊಹೆಯೇ ಇಲ್ಲದಿದ್ದರೆ ತಪ್ಪುವುದು ಏನು?

ಇದನ್ನು ಮೊದಲೇ ಪರೀಕ್ಷೆ ಮಾಡಬಹುದು. ರೂಮ್‌ಮೇಟ್‌ಗೆ ಜೋಕ್ ಹೇಳಿ, ನಡುವೆ ಸುಮ್ನೆ ನಿಲ್ಲಿಸಿ. "ಆಮೇಲೆ?" ಅಂದರೆ ಅವನು ಜೊತೆಗಿದ್ದಾನೆ. "ಅಂದ್ರೆ?" ಅಂದರೆ ಅವನು ಆಗಲೇ ಕೈಬಿಟ್ಟಿದ್ದಾನೆ. ಆ ಪ್ರಶ್ನೆ ಬಂದ ಜಾಗಕ್ಕಿಂತ ಒಂದು ಸಾಲು ಹಿಂದೆ ಹೋಗಿ ನೋಡಿ, ಹೆಚ್ಚಾಗಿ ತಪ್ಪು ಅಲ್ಲೇ ಇರುತ್ತದೆ.

ಹಾಗಂತ ಸಂಬಂಧವೇ ಇಲ್ಲದ ಮಾತು ಬರಲೇಬಾರದು ಅಂತಲ್ಲ. ನಿಮ್ಮ ಚಂದ್ರ ನನಗೆ ಬಹಳ ಇಷ್ಟವಾದ. ಅವನಿಗೆ ಕೂರಲು ಜಾಗ ಬೇಕಿತ್ತು, ಅಷ್ಟೆ. ಆಕಾಶದಿಂದ ಬೀಳಿಸಬೇಡಿ, ಆರ್ಡರಿನಲ್ಲಿ ಸೇರಿಸಿ. ಕೇಳುವವರ ಕಿವಿಗೆ ಸಪ್ಲೈಯರ್ ಆರ್ಡರ್ ಕೂಗುವ ಲಯ ಗೊತ್ತು, ಮೂರನೆಯದೂ ದೋಸೆಯೇ ಅಂದುಕೊಂಡಿರುತ್ತಾರೆ. ದನಿ ಮಾತ್ರ ಸ್ವಲ್ಪವೂ ಬದಲಾಗಬಾರದು, ನೀವೂ ನಗಬಾರದು. ನಾನಾದರೆ ಹೀಗೆ ಹೇಳುತ್ತಿದ್ದೆ:

ಎಮ್ಮೆಯದೂ ಸೇರಿ ಎಲ್ಲರ ಆರ್ಡರ್ ತಗೊಂಡ ಸಪ್ಲೈಯರ್ ಒಳಗೆ ಕೂಗಿದ: "ಎರಡು ಖಾಲಿ, ಒಂದು ಬೆಣ್ಣೆ, ಒಂದು ಚಂದ್ರ!"

ಕಾವಲಿ ಮುಂದಿನಿಂದ ಭಟ್ಟರು ತಲೆ ಎತ್ತದೆ ಹೇಳಿದರು: "ಚಂದ್ರ ಇಲ್ಲಪ್ಪ, ಇವತ್ತು ಅಮಾವಾಸ್ಯೆ."

– ಸಂಪಾದಕ