ಹೊಸ ತಂಡಕ್ಕೆ ಕಳುಹಿಸುವ ಪರಿಚಯದ ಇಮೇಲ್

ಪ್ರಶ್ನೆ: ಮುಂದಿನ ವಾರ ಹೊಸ ಕಂಪನಿಗೆ ಸೇರುತ್ತಿದ್ದೇನೆ. ನನ್ನ ಅನುಭವವೆಲ್ಲ ಎದ್ದು ಕಾಣುವಂತೆ, ಆದರೆ ಚಿಕ್ಕದಾಗಿ ಮತ್ತು ಆತ್ಮೀಯವಾಗಿ, ತಂಡಕ್ಕೆ ಪರಿಚಯದ ಇಮೇಲ್ ಬರೆಯುವುದು ಹೇಗೆ?

ನಾನೂ ಹೀಗೆಯೇ ಯೋಚಿಸಿ, ಪದವಿಯಿಂದ ಹಿಡಿದು ಹಿಂದಿನ ಕೆಲಸದಲ್ಲಿ ಸಿಕ್ಕ ಮೆಚ್ಚುಗೆಯವರೆಗೆ ಎಲ್ಲವನ್ನೂ ಉದ್ದನೆಯ ಮೇಲ್‌ನಲ್ಲಿ ತುಂಬಿ ಕಳುಹಿಸಿದ್ದೆ. ಗ್ರಾಹಕರ ಬಿಲ್ಲಿಂಗ್ ದೂರುಗಳನ್ನು ನೋಡಿಕೊಳ್ಳುತ್ತಿದ್ದವರು ಬೇರೆ ವಿಭಾಗಕ್ಕೆ ಹೋಗಿದ್ದರಿಂದ ಆ ಜಾಗಕ್ಕೆ ನನ್ನನ್ನು ತೆಗೆದುಕೊಂಡಿದ್ದರು. ನಾನು ಬರೆಯದೆ ಬಿಟ್ಟದ್ದು ಅದೊಂದನ್ನೇ. ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಗೊತ್ತಿದ್ದದ್ದು ಮ್ಯಾನೇಜರ್‌ಗೆ ಮಾತ್ರ. ಉಳಿದವರು ಸ್ವಾಗತ ಕೋರಿ ಉತ್ತರಿಸಿದರು, ದೂರುಗಳನ್ನು ಮಾತ್ರ ಎಂದಿನಂತೆ ಹಳಬರಿಗೇ ಕಳುಹಿಸುತ್ತಾ ಹೋದರು. ಹೊಸ ಕೆಲಸದಲ್ಲಿ ಮುಳುಗಿದ್ದ ಅವರು ಅವುಗಳನ್ನು ತೆರೆದೇ ಇರಲಿಲ್ಲ. ಒಂದೇ ಬಿಲ್ಲಿಗೆ ಎರಡು ಸಲ ಹಣ ಕಡಿತವಾಗಿದ್ದ ಗ್ರಾಹಕರೊಬ್ಬರು ನೇರವಾಗಿ ಮೇಲಧಿಕಾರಿಗೆ ಫೋನ್ ಮಾಡಿದಾಗಲೇ ವಿಷಯ ಹೊರಬಿದ್ದದ್ದು. "ಇದು ನಿಮಗೆ ಬರಬೇಕೆಂದು ನಮಗೆ ಯಾರೂ ಹೇಳಲಿಲ್ಲವಲ್ಲ" ಎಂದು ಸಹೋದ್ಯೋಗಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಹೇಳಬೇಕಾಗಿದ್ದವನು ನಾನೇ.

ಆದ್ದರಿಂದ ಅನುಭವ ಎದ್ದು ಕಾಣಬೇಕೆಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ನೋಡಬೇಕಾದವರು ಸಂದರ್ಶನದಲ್ಲಿಯೇ ನೋಡಿದ್ದಾರೆ. ಸಹೋದ್ಯೋಗಿಗೆ ಬೇಕಾದದ್ದು, ಯಾವ ಕೆಲಸಕ್ಕೆ ಇನ್ನು ನಿಮ್ಮನ್ನು ಕೇಳಬೇಕು, ಯಾವುದಕ್ಕೆ ಕೇಳಬಾರದು ಎಂಬುದಷ್ಟೆ. ಇಂದು ಬರೆಯುವುದಾದರೆ ನಾನು ಹೀಗೆ ಬರೆಯುತ್ತೇನೆ:

ವಿಷಯ: ಪರಿಚಯ – (ಹೆಸರು), ಬಿಲ್ಲಿಂಗ್ ದೂರುಗಳು

ಎಲ್ಲರಿಗೂ ನಮಸ್ಕಾರ. ಇಂದು ತಂಡಕ್ಕೆ ಸೇರಿದ್ದೇನೆ. ಬಿಲ್ಲಿಂಗ್ ದೂರುಗಳನ್ನು ಇಂದಿನಿಂದ ದಯವಿಟ್ಟು ನನಗೆ ಕಳುಹಿಸಿ. ಹಣ ಹಿಂದಿರುಗಿಸಲು ಒಪ್ಪಿಗೆ ಕೊಡುವವರು ಮೊದಲಿನಂತೆ ಮ್ಯಾನೇಜರ್ ಅವರೇ. ಈ ಹಿಂದೆ ವಿಮಾ ಕಂಪನಿಯೊಂದರಲ್ಲಿ ಇಂಥದೇ ಕೆಲಸ ಮಾಡಿದ್ದೇನೆ. ಈ ವಾರ ಬಾಕಿ ದೂರುಗಳನ್ನು ಓದುತ್ತಿರುತ್ತೇನೆ. ನಿಮ್ಮನ್ನು ಬಹಳ ದಿನಗಳಿಂದ ಕಾಡುತ್ತಿರುವುದು ಯಾವುದಾದರೂ ಇದ್ದರೆ ಮೊದಲು ಅದನ್ನೇ ತಿಳಿಸಿ.

ಅನುಭವಕ್ಕೆ ಇಲ್ಲಿ ಒಂದೇ ವಾಕ್ಯ. ನೀವು ಕೇಳುವ ಆತ್ಮೀಯತೆ ಕೊನೆಯ ವಾಕ್ಯದಲ್ಲಿದೆ. "ನಿಮ್ಮೊಡನೆ ಕೆಲಸ ಮಾಡಲು ಅತ್ಯಂತ ಉತ್ಸುಕನಾಗಿದ್ದೇನೆ" ಎಂಬ ಸಾಲನ್ನು ಓದಿ ಯಾರೂ ಉತ್ತರ ಬರೆಯುವುದಿಲ್ಲ, ಕಾಡುತ್ತಿರುವ ದೂರು ಯಾವುದೆಂದು ಕೇಳಿದರೆ ಬರೆಯುತ್ತಾರೆ. "ಯಾವುದೇ ಸಹಾಯ ಬೇಕಾದರೂ ಸಂಪರ್ಕಿಸಿ" ಎಂದಂತೂ ಬರೆಯಬೇಡಿ, ಅದರಿಂದ ನಿಮ್ಮ ಕೆಲಸ ಯಾವುದೆಂಬುದೇ ತಿಳಿಯುವುದಿಲ್ಲ. ವಿಷಯದ ಸಾಲಿನಲ್ಲಿ ಬರಿಯ "ನಮಸ್ಕಾರ" ಎಂದಿದ್ದರೆ, ತಿಂಗಳುಗಳ ನಂತರ ಬಿಲ್ಲಿಂಗ್ ಎಂದು ಹುಡುಕುವವರಿಗೆ ನಿಮ್ಮ ಮೇಲ್ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಕಳುಹಿಸುವ ಮೊದಲು ಕರಡನ್ನು ಮ್ಯಾನೇಜರ್‌ಗೆ ತೋರಿಸಿ, ಯಾವ ಕೆಲಸ ಯಾವ ದಿನದಿಂದ ನಿಮ್ಮದೆಂದು ಖಚಿತಪಡಿಸಿಕೊಳ್ಳಿ; ಇನ್ನೂ ಬೇರೊಬ್ಬರ ಕೈಯಲ್ಲಿರುವ ಕೆಲಸವನ್ನು ನನ್ನದೆಂದು ಸಾರಿದರೆ ಮೊದಲ ದಿನವೇ ಮನಸ್ತಾಪವಾಗುತ್ತದೆ. ಕಂಪನಿಯ ಎಲ್ಲರಿಗೂ ಕಳುಹಿಸಬೇಕಾಗಿಲ್ಲ. ನಿಮ್ಮ ತಂಡ, ನಿಮಗೆ ಕೆಲಸ ಕಳುಹಿಸುವ ವಿಭಾಗಗಳು, ಮತ್ತು ಮರೆಯದೆ, ಆ ಜಾಗದಲ್ಲಿ ಮೊದಲಿದ್ದವರು: ಇಷ್ಟು ಜನರಿಗೆ ತಲುಪಿದರೆ ಸಾಕು.